ಸೆಕೆಗೆ ಕೂಸು ಅಳುತ್ತಿದೆ: ನೀರು ಕೊಡಬೇಕಾ?

ನಾಲ್ಕು ತಿಂಗಳ ಕೂಸು. ಎದೆಹಾಲು ಬಿಟ್ಟರೆ ಬೇರೇನೂ ಕೊಟ್ಟಿಲ್ಲ. ಮಧ್ಯಾಹ್ನ ಎರಡು ಗಂಟೆ, ಮನೆಯೊಳಗೇ ಕಾದ ಗಾಳಿ. ಮಗು ತುಟಿ ಚೀಪುತ್ತದೆ, ಬಾಯಿ ತೆರೆದು ಅಳುತ್ತದೆ. "ಗಂಟಲು ಒಣಗಿದೆ ಪಾಪ, ಎರಡು ಚಮಚ ನೀರು ಹಾಕು" ಅನ್ನುತ್ತಾರೆ ಅಜ್ಜಿ. ಬಾಯಾರಿಕೆ ಅನ್ನೋದು ನಿಜವೇ ಇರಬಹುದು. ಆದರೆ ಅದಕ್ಕೆ ಕೊಡಬೇಕಾದ್ದು ನೀರಲ್ಲ, ಹಾಲು.

ಎದೆಹಾಲಿನಲ್ಲಿ ಶೇ 87ರಷ್ಟು ಇರುವುದು ನೀರೇ. ಆರು ತಿಂಗಳು ತುಂಬುವವರೆಗೆ, ಬಿರುಬಿಸಿಲಿನಲ್ಲೂ, ಎದೆಹಾಲು ಕುಡಿಯುವ ಆರೋಗ್ಯವಂತ ಮಗುವಿಗೆ ಬೇರೆ ನೀರು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನೀರು ಕುಡಿಸಿದರೆ ಪುಟ್ಟ ಹೊಟ್ಟೆ ತುಂಬಿಬಿಡುತ್ತದೆ, ಮಗು ಹಾಲು ಕಡಿಮೆ ಮಾಡುತ್ತದೆ. ನೀರು ಜಾಸ್ತಿಯಾದರೆ ಎಳೆಯ ಮೂತ್ರಪಿಂಡಗಳಿಗೆ ಅದನ್ನು ಬೇಗ ಹೊರಹಾಕಲು ಆಗುವುದಿಲ್ಲ. ಆಗ ರಕ್ತದಲ್ಲಿ ಸೋಡಿಯಂ ಇಳಿದು, ಮಗು ಮಂಕಾಗಿ, ಫಿಟ್ಸ್ ಕೂಡ ಬರಬಹುದು.

ಹಾಗಾದರೆ ಏನು ಮಾಡಬೇಕು? ಮೊದಲು ಮಗುವನ್ನು ಎದೆಗೆ ಹಾಕಿಕೊಳ್ಳಿ. ಸೆಕೆಯಲ್ಲಿ ಕೂಸುಗಳು ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ ಕುಡಿಯುತ್ತವೆ. "ಈಗಷ್ಟೇ ಕುಡಿದಿತ್ತಲ್ಲ" ಎಂದು ಗಡಿಯಾರ ನೋಡಬೇಡಿ. ಮೈಗೆ ಮೈ ತಾಗಿ ಇಬ್ಬರೂ ಬೆವರುತ್ತಿದ್ದರೆ ನಡುವೆ ಒಂದು ತೆಳು ಹತ್ತಿ ಬಟ್ಟೆ ಹಾಕಿ, ಅಥವಾ ಪಕ್ಕಕ್ಕೆ ಮಲಗಿ ಹಾಲು ಕೊಡಿ. ನೀರಿನ ಲೋಟ ಅಮ್ಮನ ಕೈಗೆ ಸಿಗುವಂತಿರಲಿ. ಡಬ್ಬಿ ಹಾಲು ಕುಡಿಯುವ ಮಗುವಿಗೂ ಅಷ್ಟೇ, ಹೆಚ್ಚು ಸಲ ಕೊಡಿ. ಸೆಕೆ ಎಂದು ಪುಡಿಗೆ ನೀರು ಜಾಸ್ತಿ ಬೆರೆಸಲೇಬೇಡಿ, ಡಬ್ಬಿಯ ಮೇಲಿನ ಅಳತೆಯೇ ಸರಿ. ಆರು ತಿಂಗಳೊಳಗೆ ಡಬ್ಬಿ ಹಾಲಿನ ಜೊತೆ ಬೇರೆ ನೀರು ಬೇಕಾ ಅನ್ನೋದನ್ನು ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ.

ಹಾಲು ಸಾಲುತ್ತಿದೆಯೇ ಅನ್ನೋದನ್ನು ಡೈಪರ್ ಹೇಳುತ್ತದೆ. ಹುಟ್ಟಿದ ಮೊದಲ ವಾರ ಕಳೆದ ಮೇಲೆ, ದಿನವೊಂದರಲ್ಲಿ ಆರು ಅಥವಾ ಹೆಚ್ಚು ಸಲ ಚೆನ್ನಾಗಿ ಒದ್ದೆಯಾಗಿ, ಉಚ್ಚೆ ತಿಳಿ ಬಣ್ಣದಲ್ಲಿದ್ದರೆ ಚಿಂತೆ ಬೇಡ. ಕಷ್ಟ ಏನೆಂದರೆ, ಈಗಿನ ಡೈಪರ್‌ಗಳು ಎಲ್ಲವನ್ನೂ ಹೀರಿಕೊಂಡು ಒಣಗಿದಂತೆಯೇ ಕಾಣುತ್ತವೆ. ಒಂದು ಹೊಸ ಡೈಪರ್‌ಗೆ ಮೂರು ದೊಡ್ಡ ಚಮಚ ನೀರು ಸುರಿದು ಕೈಯಲ್ಲಿ ತೂಗಿ ನೋಡಿ. "ಚೆನ್ನಾಗಿ ಒದ್ದೆ" ಅಂದರೆ ಎಷ್ಟು ಭಾರ ಅನ್ನೋದು ಕೈಗೆ ಗೊತ್ತಾಗುತ್ತದೆ.

ಈಗ ಮೈ ತಂಪಾಗಿಸುವ ಕೆಲಸ. ಕೈಕಾಲು ಮುಟ್ಟಿ ಅಂದಾಜು ಮಾಡಬೇಡಿ, ಕೂಸಿನ ಕೈಕಾಲು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಕುತ್ತಿಗೆಯ ಹಿಂಭಾಗವನ್ನೋ ಎದೆಯನ್ನೋ ಮುಟ್ಟಿ. ಅಲ್ಲಿ ಬಿಸಿಯಾಗಿ ಅಂಟಂಟಾಗಿದ್ದರೆ ಬಟ್ಟೆ ಜಾಸ್ತಿಯಾಗಿದೆ ಎಂದೇ ಅರ್ಥ. ಟೋಪಿ, ಕಾಲುಚೀಲ, ಹೊದಿಕೆ ತೆಗೆಯಿರಿ. ತೀರಾ ಸೆಕೆಯಿದ್ದರೆ ಡೈಪರ್ ಒಂದೇ ಸಾಕು. ಕೂಸು ತಲೆಯ ಮೂಲಕ ಸಾಕಷ್ಟು ಶಾಖ ಬಿಡುತ್ತದೆ, ಮನೆಯೊಳಗೆ ಟೋಪಿ ಹಾಕಿ ಅದನ್ನು ತಡೆಯುವುದು ಯಾಕೆ?

ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಕುತ್ತಿಗೆ, ಕಂಕುಳು, ತೊಡೆಯ ಸಂದು ಒರೆಸಿ. ತುಂಬಾ ತಣ್ಣನೆಯ ನೀರಾದರೆ ಮಗು ನಡುಗುತ್ತದೆ, ಆ ನಡುಕವೇ ಮೈಯನ್ನು ಮತ್ತೆ ಬಿಸಿ ಮಾಡುತ್ತದೆ. ಫ್ಯಾನ್ ಹಾಕಿ, ಆದರೆ ಗಾಳಿ ನೇರವಾಗಿ ಮುಖಕ್ಕೆ ಬಡಿಯದಿರಲಿ. ಬೆವರುಸಾಲೆ ಎದ್ದಿದ್ದರೆ ಪೌಡರ್ ಬೇಡ, ಒರೆಸಿ ಒಣಗಿಸಿದರೆ ಸಾಕು. ಹೊರಗೆ ಹೋದಾಗ ಬಿಸಿಲು ತಾಗದಿರಲಿ ಎಂದು ತಳ್ಳುಗಾಡಿಯ ಮೇಲೆ ಬಟ್ಟೆ ಮುಚ್ಚುತ್ತಾರಲ್ಲ, ಅದು ಬೇಡ. ಒಳಗೆ ಗಾಳಿಯಾಡದೆ ಇನ್ನೂ ಕಾಯುತ್ತದೆ. ನಿಲ್ಲಿಸಿದ ಕಾರಿನಲ್ಲಂತೂ ಒಂದು ನಿಮಿಷವೂ ಬಿಡಬೇಡಿ.

ಆರು ತಿಂಗಳಾಗಿ ಘನ ಆಹಾರ ಶುರುವಾದ ಮೇಲೆ ನೀರಿನ ಸರದಿ. ಊಟದ ಜೊತೆ ತೆರೆದ ಕಪ್‌ನಲ್ಲಿ, ಕುದಿಸಿ ಆರಿಸಿದ ನೀರು ಗುಟುಕು ಗುಟುಕಾಗಿ. ಒಂದು ವರ್ಷದವರೆಗೆ ದಿನಕ್ಕೆ ಒಟ್ಟು 120ರಿಂದ 240 ಮಿಲಿಲೀಟರ್ ಸಾಕಾಗುತ್ತದೆ. ಮುಖ್ಯ ಪಾನೀಯ ಆಗಲೂ ಹಾಲೇ.

ಆರೆಂಟು ಗಂಟೆ ಉಚ್ಚೆಯೇ ಆಗದಿದ್ದರೆ, ಬಾಯಿ ಒಣಗಿ ನೆತ್ತಿಯ ಮೆತ್ತನೆ ಜಾಗ ಗುಳಿಬಿದ್ದಿದ್ದರೆ, ಎಬ್ಬಿಸಿದರೂ ಏಳದೆ ಜೋತುಬಿದ್ದು ಹಾಲು ಬೇಡವೆಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಕಣ್ಣೀರು ಬರುತ್ತಿಲ್ಲ ಅನ್ನೋದೊಂದನ್ನೇ ನಂಬುವಂತಿಲ್ಲ, ಮೊದಲ ಕೆಲವು ವಾರ ಕೂಸುಗಳಿಗೆ ಕಣ್ಣೀರೇ ಬರುವುದಿಲ್ಲ. ಮೂರು ತಿಂಗಳೊಳಗಿನ ಮಗುವಿನ ಮೈ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೆಕೆಯಿಂದಲೇ ಇರಬಹುದು ಎಂದು ಸುಮ್ನೆ ಬಿಡಬೇಡಿ, ಸೋಂಕೂ ಇರಬಹುದು. ದಾರಿಯಲ್ಲಿ ಮಗು ಎಚ್ಚರವಿದ್ದು ಚೀಪುತ್ತಿದ್ದರೆ ಹಾಲು ಕೊಡುತ್ತಲೇ ಹೋಗಿ. ಕೊನೆಯ ಸಲ ಡೈಪರ್ ಯಾವಾಗ ಒದ್ದೆಯಾಗಿತ್ತು ಎಂದು ಡಾಕ್ಟರ್ ಕೇಳುತ್ತಾರೆ, ಹೊತ್ತು ನೆನಪಿಟ್ಟುಕೊಂಡಿರಿ.