ಮಿಲ್ಲಿನ ಸಿಮೆಂಟ್ ಶೀಟ್ ಬದಲಿಸುವಾಗ: ರೇಲಿಂಗ್ ಎಲ್ಲಿ, ನೆಟ್ ಎಲ್ಲಿ, ಬೆಲ್ಟ್ ಎಲ್ಲಿ

ಕಲಬುರಗಿ ಸುತ್ತಮುತ್ತ ತೊಗರಿ ಬೇಳೆ ಮಿಲ್ಲುಗಳ ಹಳೆ ಶೆಡ್ಡುಗಳ ಮೇಲೆ ಇನ್ನೂ ಸಿಮೆಂಟ್ ಶೀಟೇ ಇದೆ. ಅದನ್ನು ಇಳಿಸಿ ಬಣ್ಣದ ತಗಡು ಹಾಕುವ ಕೆಲಸ ನಾನು ಮಾಡುತ್ತೇನೆ. ಕಪನೂರು ಕೈಗಾರಿಕಾ ಪ್ರದೇಶದ ಒಂದು ಮಿಲ್ಲಿನಲ್ಲಿ ಮಾಡಿದ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಅಲ್ಲಿ ರೇಲಿಂಗ್, ನೆಟ್, ಬೆಲ್ಟ್ ಮೂರನ್ನೂ ಬಳಸಬೇಕಾಯಿತು. ಒಂದು ಕೆಲಸಕ್ಕೆ ಬರುವ ಜಾಗದಲ್ಲಿ ಇನ್ನೊಂದು ಬರುವುದಿಲ್ಲ ಅನ್ನೋದು ಆ ಶೆಡ್ಡಿನಲ್ಲಿ ಚೆನ್ನಾಗಿ ಕಾಣುತ್ತದೆ.

ಶೆಡ್ಡಿನ ಅಳತೆ ಮೊದಲು ಹೇಳುತ್ತೇನೆ. ಉದ್ದ 36 ಮೀಟರ್, ಅಗಲ 18 ಮೀಟರ್. ಸೂರಿನ ಹತ್ತಿರ ಎತ್ತರ ಐದೂವರೆ ಮೀಟರ್, ನಡುವಿನ ನೆತ್ತಿಯಲ್ಲಿ ಏಳೂವರೆ. ಛಾವಣಿ ಹೊರುವ ಕಬ್ಬಿಣದ ಚೌಕಟ್ಟು, ಅಂದರೆ ಟ್ರಸ್, ಆರು ಮೀಟರಿಗೊಂದು. ಅರ್ಧ ಭಾಗ ಖಾಲಿ ಗೋದಾಮು, ಇನ್ನರ್ಧದಲ್ಲಿ ಯಂತ್ರಗಳು: ರೋಲರ್, ಜರಡಿ, ಕಾಳು ಮೇಲಕ್ಕೆ ಒಯ್ಯುವ ಎಲಿವೇಟರ್. ಎಲಿವೇಟರಿನ ತಲೆ ನೆಲದಿಂದ ಸುಮಾರು ಐದು ಮೀಟರ್ ಮೇಲಿತ್ತು. ಈ ಒಂದು ಅಳತೆ ಮುಂದೆ ಎಲ್ಲವನ್ನೂ ತೀರ್ಮಾನಿಸಿತು.

ಮಿಲ್ಲಿನ ಸಾಹುಕಾರರು ಮೊದಲ ದಿನವೇ ಕೇಳಿದರು: "ಹುಡುಗರಿಗೆ ಬೆಲ್ಟ್ ಅದಾವಲ್ರೀ, ಮತ್ತ ನೆಟ್ ಯಾಕ? ಸುಮ್ನೆ ರೊಕ್ಕ ಹಾಳು." ಬೆಲ್ಟ್ ಇದ್ದರೆ ಎಲ್ಲ ಮುಗಿಯಿತು ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಅವರನ್ನು ಶೆಡ್ಡಿನೊಳಗೆ ಕರೆದುಕೊಂಡು ಹೋಗಿ, ಟೇಪ್ ಹಿಡಿದು ಲೆಕ್ಕ ತೋರಿಸಿದೆ.

ಲೆಕ್ಕ ಹೀಗಿದೆ. ಬೆಲ್ಟ್ ಅಂದರೆ ಇಲ್ಲಿ ಭುಜ, ಎದೆ, ತೊಡೆ ಎಲ್ಲ ಹಿಡಿಯುವ ಫುಲ್ ಬಾಡಿ ಹಾರ್ನೆಸ್. ಬರೀ ಸೊಂಟದ ಪಟ್ಟಿ ಅಲ್ಲ, ಅದರಲ್ಲಿ ಬಿದ್ದು ನೇತಾಡಿದರೆ ಪಟ್ಟಿಯೇ ಹೊಟ್ಟೆ, ಬೆನ್ನು ಜಖಂ ಮಾಡುತ್ತದೆ. ಹಾರ್ನೆಸಿನ ಬೆನ್ನಿನ ರಿಂಗಿಗೆ ಲ್ಯಾನ್ಯಾರ್ಡ್ ಅನ್ನುವ ಹುಕ್ಕಿನ ಹಗ್ಗ ಸಿಗಿಸುತ್ತೇವೆ, ಉದ್ದ ಸಾಮಾನ್ಯವಾಗಿ 1.8 ಮೀಟರ್. ಅದರಲ್ಲಿ ಮಡಚಿ ಹೊಲಿದ ಒಂದು ಪಟ್ಟಿ ಇರುತ್ತದೆ. ಮನುಷ್ಯ ಬಿದ್ದಾಗ ಆ ಹೊಲಿಗೆ ಬಿಚ್ಚುತ್ತಾ ಹೋಗಿ ಏಟನ್ನು ಕಡಿಮೆ ಮಾಡುತ್ತದೆ. ಆದರೆ ಬಿಚ್ಚುವಾಗ ಅದು ಹೆಚ್ಚೆಂದರೆ 1.75 ಮೀಟರ್ ತನಕ ಉದ್ದ ಆಗಬಹುದು. ರಿಂಗಿನಿಂದ ಪಾದದವರೆಗೆ ಇನ್ನೊಂದು ಒಂದೂವರೆ ಮೀಟರ್. ಕೆಳಗೆ ಒಂದು ಮೀಟರ್ ಆದರೂ ಖಾಲಿ ಉಳಿಯಬೇಕು. ಹಗ್ಗವನ್ನು ಕಾಲಿನ ಮಟ್ಟದಲ್ಲೇ ಕಟ್ಟಿದ್ದರೆ, ಕಟ್ಟಿದ ಜಾಗದಿಂದ ಕೆಳಗೆ ಎಲ್ಲ ಸೇರಿ ಆರು ಮೀಟರ್ ಬೇಕಾಯಿತು. ಸೂರಿನ ಹತ್ತಿರ ನಮ್ಮ ಹತ್ತಿರ ಇದ್ದದ್ದು ಐದೂವರೆ, ಎಲಿವೇಟರಿನ ಮೇಲೆ ಎರಡೂವರೆಗಿಂತ ಕಡಿಮೆ. ಅಂದರೆ ಬೆಲ್ಟ್ ಸರಿಯಾಗಿ ಕೆಲಸ ಮಾಡುವಷ್ಟರಲ್ಲಿ ಹುಡುಗ ನೆಲಕ್ಕೋ ಕಬ್ಬಿಣಕ್ಕೋ ಬಡಿದಿರುತ್ತಾನೆ. ತಲೆಯ ಮೇಲೆ ಕಟ್ಟಿದರೆ ಬೀಳುವ ದೂರ ಬಹಳ ಕಡಿಮೆಯಾಗುತ್ತದೆ ನಿಜ, ಆದರೆ ಛಾವಣಿಯ ಮೇಲೆ ನಿಂತವನ ತಲೆಯ ಮೇಲೆ ಆಕಾಶ ಬಿಟ್ಟು ಏನಿದೆ?

ಹಾಗಾದರೆ ನೆತ್ತಿಯ ಉದ್ದಕ್ಕೂ ವೈರ್ ರೋಪ್ ಎಳೆದು ಎಲ್ಲರೂ ಅದಕ್ಕೇ ಸಿಗಿಸಿಕೊಳ್ಳಲಿ ಅಂತ ನಮ್ಮ ಫಿಟ್ಟರ್ ಹೇಳಿದ. ಇದು ಎಲ್ಲರಿಗೂ ಹೊಳೆಯುವ ಉಪಾಯ. ಅಪಾಯ ಇರುವುದು ರೋಪಿನ ಎರಡು ತುದಿಯಲ್ಲಿ. ಬಟ್ಟೆ ಒಣಗಿಸುವ ಹಗ್ಗವನ್ನು ಬಿಗಿಯಾಗಿ ಎಳೆದು ನಡುವೆ ಸ್ವಲ್ಪ ಭಾರ ಹಾಕಿದರೂ ಗೂಟ ಕಿತ್ತು ಬರುತ್ತದಲ್ವಾ, ಅದೇ ಲೆಕ್ಕ. ಹತ್ತು ಮೀಟರ್ ರೋಪಿನ ನಡುವೆ ಒಬ್ಬ ಬಿದ್ದು, ರೋಪ್ ಅರ್ಧ ಮೀಟರ್ ಮಾತ್ರ ಜಗ್ಗಿದರೆ, ಅವನು ಕೆಳಕ್ಕೆ ಎಳೆಯುವ ಬಲದ ಸುಮಾರು ಐದು ಪಟ್ಟು ಒಂದೊಂದು ತುದಿಗೆ ಬೀಳುತ್ತದೆ. ಒಳ್ಳೆ ಲ್ಯಾನ್ಯಾರ್ಡ್ ಏಟನ್ನು 6 ಕಿಲೋನ್ಯೂಟನ್ನಿಗೆ, ಅಂದರೆ ಸುಮಾರು 600 ಕಿಲೋ ತೂಕದಷ್ಟಕ್ಕೆ ತಡೆಯುತ್ತದೆ. ಐದು ಪಟ್ಟು ಅಂದರೆ ಮೂರು ಟನ್. ಹಳೆ ಶೆಡ್ಡಿನ ಕೊನೆಯ ಆಂಗಲ್ ಅಷ್ಟು ತಡೆಯುತ್ತದೆ ಅಂತ ಲೆಕ್ಕ ಹಾಕಿ ಸಹಿ ಮಾಡುವ ಎಂಜಿನಿಯರ್ ಇಲ್ಲದಿದ್ದರೆ ಅಂಥ ರೋಪ್ ಎಳೆಯಲೇಬಾರದು. ಬಿಗಿ ಜಾಸ್ತಿ ಮಾಡಿದಷ್ಟೂ ಗಟ್ಟಿ ಅನ್ನೋದು ಇಲ್ಲಿ ಪೂರ್ತಿ ತಪ್ಪು. ನಾವು ಆ ರೋಪ್ ಹಾಕಲಿಲ್ಲ.

ಇನ್ನೊಂದು ಮಾತು. ಸಿಮೆಂಟ್ ಶೀಟಿನ ಮೇಲೆ ಜನ ಬೀಳುವುದು ಅಂಚಿನಿಂದ ಮಾತ್ರ ಅಲ್ಲ, ಶೀಟ್ ಒಡೆದು ನೇರ ಒಳಕ್ಕೂ ಬೀಳುತ್ತಾರೆ. ನಮ್ಮ ಬಿಸಿಲು, ಮಳೆ ತಿಂದ ಶೀಟ್ ಹೊರಗಿನಿಂದ ಗಟ್ಟಿಯಾಗೇ ಕಾಣುತ್ತದೆ. ಬೆಳಕಿಗೆ ಹಾಕಿದ ಫೈಬರ್ ಶೀಟ್ ಇನ್ನೂ ಮೋಸ, ಮಿಲ್ಲಿನ ಧೂಳು ಕೂತು ಅದು ಪಕ್ಕದ ಶೀಟಿನ ಬಣ್ಣಕ್ಕೇ ತಿರುಗಿರುತ್ತದೆ. ಬೋಲ್ಟ್ ಸಾಲಿನ ಮೇಲೆ ಕಾಲಿಟ್ಟರೆ ಏನೂ ಆಗಲ್ಲ ಅನ್ನುವ ಮಾತು ಎಲ್ಲ ಮೇಸ್ತ್ರಿಗಳ ಬಾಯಲ್ಲಿದೆ. ಬೋಲ್ಟಿನ ಕೆಳಗೆ ಶೀಟ್ ಹೊರುವ ಅಡ್ಡಪಟ್ಟಿ, ಅಂದರೆ ಪರ್ಲಿನ್, ಇರುತ್ತದೆ ನಿಜ, ಆದರೆ ಅದರ ಅಗಲ ಪಾದದಷ್ಟೂ ಇಲ್ಲ. ಕೈಯಲ್ಲಿ ಶೀಟ್ ಹಿಡಿದು ಒಂದು ಹೆಜ್ಜೆ ಆಚೆ ಈಚೆ ಆದರೆ ಮುಗಿಯಿತು. ಹಾಗಾಗಿ ಛಾವಣಿಯ ಅಷ್ಟೂ ಜಾಗದ ಕೆಳಗೆ ಏನಾದರೂ ಇರಲೇಬೇಕಿತ್ತು, ಅಂಚಿಗೆ ರೇಲಿಂಗ್ ಒಂದೇ ಸಾಲುವುದಿಲ್ಲ.

ಖಾಲಿ ಗೋದಾಮಿನ ಭಾಗಕ್ಕೆ ನೆಟ್ ಹಾಕಿದೆವು. ನೆಟ್ಟನ್ನು ಹೈದರಾಬಾದಿನಿಂದ ಬಾಡಿಗೆಗೆ ತಂದೆವು. ಕಣ್ಣು 100 ಮಿಲಿಮೀಟರ್, ಸುತ್ತ ದಪ್ಪ ಅಂಚಿನ ಹಗ್ಗ, ಲೇಬಲ್ ಮೇಲೆ ತಯಾರಾದ ವರ್ಷ. ಹಸಿರು ಶೇಡ್ ನೆಟ್ ಅಥವಾ ಕ್ರಿಕೆಟ್ ನೆಟ್ ಇದಕ್ಕೆ ನಡೆಯುವುದಿಲ್ಲ. ಎರಡು ಟ್ರಸ್ಸುಗಳ ನಡುವಿನ ಆರು ಮೀಟರ್, ಸೂರಿನಿಂದ ನೆತ್ತಿವರೆಗಿನ ಒಂಬತ್ತು ಮೀಟರ್, ಒಂದೊಂದು ಅಂಕಣಕ್ಕೆ ಒಂದೊಂದು ನೆಟ್. ಪರ್ಲಿನ್ನಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ, ಟ್ರಸ್ಸಿನ ಮೇಲಿನ ಆಂಗಲ್ಲಿಗೆ, ಎರಡೂವರೆ ಮೀಟರಿಗಿಂತ ದೂರ ಬಿಡದೆ ಕಟ್ಟಿದೆವು. ಕೆಳಗೆ ಕಟ್ಟಿದಷ್ಟೂ ಬೀಳುವ ಏಟು ಜಾಸ್ತಿ. ಆಮೇಲೆ ಇನ್ನೊಂದು ಅಳತೆ ಮರೆಯಬಾರದು: ಮನುಷ್ಯ ಬಿದ್ದಾಗ ನೆಟ್ ಜೋಲುತ್ತದೆ. ಈ ಗಾತ್ರದ ನೆಟ್ಟಿಗೆ ನಾವು ಎರಡರಿಂದ ಮೂರು ಮೀಟರ್ ಜೋಲು ಹಿಡಿದುಕೊಂಡೆವು. ಸೂರಿನ ಕಡೆ ಕೆಳಗೆ ಎರಡು ಮೀಟರಿನಷ್ಟು ಉಳಿಯುತ್ತಿತ್ತು. ಅಲ್ಲಿ ಗೋಡೆಗೆ ತಾಗಿ ತೊಗರಿ ಚೀಲಗಳ ಅಟ್ಟಿ ಇತ್ತು. ಸಾಹುಕಾರರಿಗೆ ಹೇಳಿ ಅದನ್ನು ತೆಗೆಸಿದ ಮೇಲೆಯೇ ಕೆಲಸ ಶುರು ಮಾಡಿದೆವು.

ನೆಟ್ಟಿನ ದೊಡ್ಡ ಲಾಭ ಏನೆಂದರೆ ಮೇಲಿನವನು ಏನನ್ನೂ ನೆನಪಿಟ್ಟು ಸಿಗಿಸಿಕೊಳ್ಳಬೇಕಿಲ್ಲ, ಅವನ ಎರಡೂ ಕೈ ಕೆಲಸಕ್ಕೆ ಖಾಲಿ. ಅದರ ದೊಡ್ಡ ಶತ್ರು ಬೆಂಕಿಯ ಕಿಡಿ. ತುಕ್ಕು ಹಿಡಿದ ಜೆ ಬೋಲ್ಟ್ ಕತ್ತರಿಸಲು ಗ್ರೈಂಡರ್ ಹಚ್ಚಿದರೆ ಕಿಡಿ ನೇರ ನೆಟ್ಟಿನ ಮೇಲೆ ಬಿದ್ದು ದಾರ ಕರಗುತ್ತದೆ, ಕೆಳಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಅದಕ್ಕೆ ಗ್ರೈಂಡರನ್ನು ಮೇಲೆ ಹತ್ತಿಸಲೇ ಇಲ್ಲ, ಉದ್ದ ಹಿಡಿಕೆಯ ಬೋಲ್ಟ್ ಕಟರಿನಲ್ಲೇ ಕತ್ತರಿಸಿದೆವು. ಗ್ರೈಂಡರ್ ಶೀಟಿಗೆ ತಾಗಿದರೆ ಕಲ್ನಾರಿನ ಧೂಳು ಏಳುತ್ತದೆ, ಅದೂ ಒಂದು ಕಾರಣ. ಶೀಟನ್ನು ನೀರು ಚಿಮುಕಿಸಿ, ಒಡೆಯದೆ ಇಳಿಸಬೇಕು, ಮಾಸ್ಕ್ ತೆಗೆಯಬಾರದು. ನೆಟ್ಟಿನಲ್ಲಿ ಬಿದ್ದ ಚೂರುಗಳನ್ನು ಪ್ರತಿ ವಿರಾಮದಲ್ಲೂ ತೆಗೆಸುತ್ತಿದ್ದೆ, ಯಾಕೆಂದರೆ ಶೀಟಿನ ಚೂಪಾದ ತುಂಡಿನ ಮೇಲೆ ಮನುಷ್ಯ ಬಿದ್ದರೆ ನೆಟ್ ಇದ್ದೂ ಗಾಯ ತಪ್ಪುವುದಿಲ್ಲ.

ಯಂತ್ರಗಳ ಭಾಗಕ್ಕೆ ನೆಟ್ ಬರಲಿಲ್ಲ. ಜೋಲಿದರೆ ಎಲಿವೇಟರಿನ ತಲೆಗೆ ತಾಗುತ್ತದೆ. ಬೆಲ್ಟಿನ ಲೆಕ್ಕ ಮೊದಲೇ ಬಿದ್ದುಹೋಗಿತ್ತು. ಅಲ್ಲಿ ಯಂತ್ರಗಳ ನಡುವೆ ಕಪ್‌ಲಾಕ್ ಅನ್ನುವ ಪೈಪಿನ ಅಟ್ಟಣಿಗೆ ನಿಲ್ಲಿಸಿ, ಶೀಟಿನಿಂದ ಒಂದು ಮೀಟರ್ ಕೆಳಗೆ ಮೆಟ್ಟಿಲಿನ ಹಾಗೆ ಹಲಗೆ ಹಾಸಿದೆವು. ಹುಡುಗರು ಶೀಟಿನ ಮೇಲೆ ಹತ್ತದೆ, ಹಲಗೆಯ ಮೇಲೆ ಕೂತು ಕೆಳಗಿನಿಂದಲೇ ಬೋಲ್ಟ್ ಕತ್ತರಿಸಿದರು. ಇದು ನಿಧಾನ, ಖರ್ಚೂ ಜಾಸ್ತಿ. ಆದರೆ ನನ್ನನ್ನು ಕೇಳಿದರೆ ಸಿಮೆಂಟ್ ಶೀಟಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ, ಹಣ ಇದ್ದಿದ್ದರೆ ಇಡೀ ಶೆಡ್ಡಿಗೆ ಇದನ್ನೇ ಮಾಡುತ್ತಿದ್ದೆ.

ರೇಲಿಂಗ್ ನಾಲ್ಕೂ ಅಂಚಿಗೆ ಬಂತು. ಶೆಡ್ಡಿಗೆ ಪ್ಯಾರಾಪೆಟ್ ಇಲ್ಲ, ಹಾಗಾಗಿ ನೆಲದಿಂದಲೇ ಕಪ್‌ಲಾಕ್ ಎಬ್ಬಿಸಿ ಶೆಡ್ಡಿನ ಕಂಬಗಳಿಗೆ ಕಟ್ಟಿದೆವು. ಮೇಲಿನ ಪೈಪ್ ಛಾವಣಿಯ ಅಂಚಿನಿಂದ 1.1 ಮೀಟರ್ ಎತ್ತರ, ನಡುವೆ ಇನ್ನೊಂದು ಪೈಪ್, ಬುಡದಲ್ಲಿ 150 ಮಿಲಿಮೀಟರ್ ಹಲಗೆ. ಇಳಿಜಾರಿನಲ್ಲಿ ಜಾರಿದವನು ನಿಂತವನ ಹಾಗೆ ಪೈಪಿಗೆ ಒರಗುವುದಿಲ್ಲ, ಕಾಲು ಮುಂದಾಗಿ ಕೆಳಗಿನ ಸಂದಿಗೆ ಬರುತ್ತಾನೆ. ಅದಕ್ಕೆ ಬುಡದ ಹಲಗೆ ಮತ್ತು ನಡುವಿನ ಪೈಪೇ ಇಲ್ಲಿ ಮುಖ್ಯ. ಎಷ್ಟೋ ಕಡೆ ಮೇಲಿನ ಪೈಪ್ ಒಂದನ್ನೇ ಹಾಕಿ ಬಿಟ್ಟಿರುತ್ತಾರೆ.

ಹಾಗಾದರೆ ಬೆಲ್ಟ್ ಎಲ್ಲಿ ಬಳಸಿದೆವು? ರೇಲಿಂಗ್ ಮತ್ತು ನೆಟ್ ಕಟ್ಟಿದವರಿಗೆ. ಅವರು ಕಟ್ಟುವಾಗ ಅವರನ್ನು ಕಾಯಲು ಇನ್ನೂ ಏನೂ ಇರುವುದಿಲ್ಲ ಅಲ್ವಾ. ನೆಟ್ ಕಟ್ಟುವವರು ಶೆಡ್ಡಿನೊಳಗೆ ಏಣಿಗೋಪುರದ ಮೇಲೆ ನಿಂತಿದ್ದರಿಂದ ಟ್ರಸ್ ತಲೆಗಿಂತ ಮೇಲಿತ್ತು. ಟ್ರಸ್ಸಿನ ಆಂಗಲ್‌ಗಳು ಕೂಡುವ ಗಂಟಿನ ಹತ್ತಿರ ವೆಬ್ ಸ್ಲಿಂಗ್ ಅನ್ನುವ ಗಟ್ಟಿ ಪಟ್ಟಿ ಸುತ್ತಿ, ಒಂದು ಸ್ಲಿಂಗಿಗೆ ಒಬ್ಬನೇ, ಎರಡು ಹುಕ್ಕಿನ ಲ್ಯಾನ್ಯಾರ್ಡ್ ಸಿಗಿಸಿದೆವು. ಒಂದು ಹುಕ್ ಬಿಚ್ಚುವ ಮುಂಚೆ ಇನ್ನೊಂದು ಸಿಕ್ಕಿರಬೇಕು. ತೆಳು ತಗಡಿನ ಸಿ ಪರ್ಲಿನ್ನಿಗೆ ಯಾರೂ ಸಿಗಿಸಬಾರದು, ಅದು ಛಾವಣಿಯ ಭಾರಕ್ಕೆ ಮಾಡಿದ್ದು, ಬಿದ್ದವನ ಜಗ್ಗಿಗೆ ತಿರುಚಿಕೊಂಡು ಬಿಡುತ್ತದೆ. ಸ್ಲಿಂಗಿನಿಂದ ಪಕ್ಕಕ್ಕೆ ದೂರ ಹೋಗಲೂ ಬಿಡಲಿಲ್ಲ, ಬಿದ್ದರೆ ತೂಗಿಕೊಂಡು ಹೋಗಿ ಕಂಬಕ್ಕೆ ಬಡಿಯುತ್ತಾರೆ.

ಸೆಕೆಗೆ ಹುಡುಗರು ತೊಡೆಯ ಪಟ್ಟಿ ಸಡಿಲ ಬಿಡುತ್ತಾರೆ. "ಅಣ್ಣಾ, ಬೆವರಿಗೆ ಉರಿ ಹತ್ತೇದ" ಅನ್ನುತ್ತಾರೆ, ಅದು ನಿಜ ಕೂಡ. ಆದರೆ ಪಟ್ಟಿಗೂ ತೊಡೆಗೂ ನಡುವೆ ಅಂಗೈ ಮಾತ್ರ ಹೋಗಬೇಕು, ಮುಷ್ಟಿ ಹೋದರೆ ಸಡಿಲ ಅಂತ ಅರ್ಥ. ಬಿಸಿಲಿನ ಕಾರಣಕ್ಕೇ ಬೆಳಕು ಹರಿಯುತ್ತಲೇ ಶುರು ಮಾಡಿ ಹತ್ತೂವರೆಗೆ ಇಳಿಸುತ್ತಿದ್ದೆ. ಸಂಜೆ ಮತ್ತೆ ಹತ್ತಿದರೂ ಗಾಳಿ ಎದ್ದರೆ ಕೆಲಸ ಬಂದ್. ಉದ್ದದ ತಗಡು ಗಾಳಿಗೆ ಸಿಕ್ಕರೆ ಹಿಡಿದವನನ್ನೇ ಎಳೆದುಕೊಂಡು ಹೋಗುತ್ತದೆ.

ಬೆಲ್ಟಿನಲ್ಲಿ ಯಾರಾದರೂ ನೇತಾಡಿದರೆ ಅವರನ್ನು ಕೂಡಲೇ ಇಳಿಸಬೇಕು. ಅಲ್ಲಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಪ್ರಜ್ಞೆ ತಪ್ಪುತ್ತದೆ. ಅದಕ್ಕೆ ಚಕ್ರದ ಏಣಿಗೋಪುರವೊಂದನ್ನು ಯಾವ ಕೆಲಸಕ್ಕೂ ಕೊಡದೆ ಪಕ್ಕದಲ್ಲೇ ಇಟ್ಟಿದ್ದೆವು, ಅದನ್ನು ತಳ್ಳಿಕೊಂಡು ಬರುವವರು ಯಾರು ಅಂತ ಬೆಳಿಗ್ಗೆಯೇ ಹೇಳುತ್ತಿದ್ದೆ. ಒಮ್ಮೆ ಬಿದ್ದವನನ್ನು ಹಿಡಿದ ಹಾರ್ನೆಸ್, ಲ್ಯಾನ್ಯಾರ್ಡ್ ಮತ್ತೆ ಬಳಸಬಾರದು. ಮಡಚಿದ ಪಟ್ಟಿಯ ಹೊಲಿಗೆ ಸ್ವಲ್ಪ ಬಿಚ್ಚಿದ್ದರೂ ಅದನ್ನು ಕತ್ತರಿಸಿ ಬಿಸಾಡಿ, ಇಟ್ಟುಕೊಂಡರೆ ಯಾರೋ ಹಾಕಿಕೊಳ್ಳುತ್ತಾರೆ.

ಕೊನೆಗೆ ಬಾಡಿಗೆ ಉಳಿಸಲು ನೆಟ್ ಬೇಗ ಬಿಚ್ಚೋಣ ಅಂತ ಮಾತು ಬಂತು. ಹೊಸ ತಗಡು ಬಿದ್ದ ಅಂಕಣದ ನೆಟ್ಟನ್ನು ಕೂಡ ಪಕ್ಕದ ಅಂಕಣ ಮುಗಿಯುವ ತನಕ ಬಿಡಲಿಲ್ಲ, ಯಾಕೆಂದರೆ ತಗಡಿನ ಅಂಚು ಮುಗಿಯುವ ಜಾಗದಲ್ಲೇ ಹುಡುಗರು ನಿಂತಿರುತ್ತಾರೆ. ನೆತ್ತಿಯ ಕ್ಯಾಪ್ ಕೂತ ಮೇಲೆ ನೆಟ್, ಎಲ್ಲರೂ ಇಳಿದ ಮೇಲೆ ರೇಲಿಂಗ್. ಬಿಚ್ಚುವವರಿಗೆ ಮತ್ತೆ ಅದೇ ಸ್ಲಿಂಗ್, ಅದೇ ಎರಡು ಹುಕ್.