ಮೂರು ಊರು, ನಾಲ್ಕು ಕಾರು

ನಾನು ಔಷಧ ಕಾರ್ಖಾನೆಗಳ ಗುಣಮಟ್ಟ ವಿಭಾಗದವನು, ಮೂಲ ಧಾರವಾಡ. ಹತ್ತು ವರ್ಷದಲ್ಲಿ ಬೆಂಗಳೂರು, ಪುಣೆ, ಗೋವಾ ಸುತ್ತಿ ಈಗ ಮತ್ತೆ ಪುಣೆಯಲ್ಲಿದ್ದೇನೆ. ಈ ಅವಧಿಯಲ್ಲಿ ಹೊಸ ಕಾರು ಕೊಂಡದ್ದಾಯಿತು, ಕಂಪನಿಯ ಮೂಲಕ ಲೀಸ್ ಹಾಕಿಸಿದ್ದಾಯಿತು, ಹಳೆಯದನ್ನು ಕೊಂಡು ಮಾರಿದ್ದಾಯಿತು. ಈಗ ಓಡಿಸುತ್ತಿರುವುದು ತಿಂಗಳ ಚಂದಾದ ಗಾಡಿ. ನಾಲ್ಕಕ್ಕೂ ಖರ್ಚು ಬರೆದಿಟ್ಟಿದ್ದೆ. ವರ್ಗವಾಗುವ ನೌಕರಿಯವರು ಕೇಳಿದಾಗಲೆಲ್ಲ ಆ ವಹಿಯನ್ನೇ ತೆಗೆದು ತೋರಿಸುತ್ತೇನೆ.

ಮೊದಲನೆಯದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕೊಂಡೆ. ಶೋರೂಮ್ ಬೆಲೆ 8 ಲಕ್ಷ. ಅದರ ಮೇಲೆ ಜೀವಾವಧಿ ತೆರಿಗೆ ಶೇ. 14, ಸೆಸ್ ಬೇರೆ, ವಿಮೆ ಬೇರೆ. ರಸ್ತೆಗಿಳಿಯುವ ಹೊತ್ತಿಗೆ 9.75 ಲಕ್ಷ ಆಗಿತ್ತು. 6.5 ಲಕ್ಷ ಸಾಲ, ತಿಂಗಳಿಗೆ ಸುಮಾರು 13,650 ಕಂತು. 'ಕಾರು ನನಗೆ ಹದಿಮೂರು ಸಾವಿರಕ್ಕೆ ಬೀಳುತ್ತದೆ' ಎಂದು ನಂಬಿಕೊಂಡಿದ್ದೆ.

2018ರ ಫೆಬ್ರವರಿಯಲ್ಲಿ ಪುಣೆಗೆ ವರ್ಗವಾಯಿತು. ಬೇರೆ ರಾಜ್ಯದಲ್ಲಿ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮು. ಬಂದ ಮರುದಿನವೇ ತೆರಿಗೆ ಕಟ್ಟಬೇಕು ಎಂದು ಹೆದರಿಸುವವರು ಬಹಳ ಮಂದಿ, ಅದನ್ನು ನಂಬಬೇಡಿ. ಆದರೆ ಹಳೆಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು, ಎಲ್ಲರೂ ಎನ್‌ಒಸಿ ಎನ್ನುವುದು ಅದನ್ನೇ. ಅದಕ್ಕೆ ಫಾರ್ಮ್ 28. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಅಂಟಿಸಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು.

ಇಲ್ಲಿ ನಾನೇ ಎಡವಿದೆ. ಆ ಪತ್ರವನ್ನು ಯಾವ ಆರ್‌ಟಿಒಗೆ ಎಂದು ಹೆಸರಿಸಿಯೇ ಕೊಡುತ್ತಾರೆ. ಪುಣೆ ಎಂದರೆ ಎಂಎಚ್-12 ಎಂದುಕೊಂಡು ಹಾಗೇ ಬರೆಸಿದೆ. ಬಾಡಿಗೆಗೆ ಇದ್ದದ್ದು ವಾಕಡ್‌ನಲ್ಲಿ. ಅದು ಪಿಂಪ್ರಿ-ಚಿಂಚ್‌ವಡ್ ವ್ಯಾಪ್ತಿ, ಎಂಎಚ್-14. ವಿಳಾಸದ ದಾಖಲೆ ಒಂದು ಕಡೆ, ಪತ್ರ ಇನ್ನೊಂದು ಕಡೆ. ತಿದ್ದಿಸಲು ಮತ್ತೆ ಬೆಂಗಳೂರಿಗೆ ಹೋಗಿ ಬಂದೆ. ಗಾಡಿ ತರುವ ಮೊದಲೇ ಮನೆ ಯಾವ ಬಡಾವಣೆಯಲ್ಲಿ ಎಂದು ಗೊತ್ತಿರಬೇಕು, ಇಲ್ಲವಾದರೆ ಗೊತ್ತಾಗುವವರೆಗೆ ಅರ್ಜಿ ಹಾಕಬಾರದು.

ಮಹಾರಾಷ್ಟ್ರದ ತೆರಿಗೆ, ಗಾಡಿಯ ವಯಸ್ಸು ಕಳೆದು, 74 ಸಾವಿರ ಕಟ್ಟಿದೆ. ಓಡಾಟಕ್ಕೆ 12 ಸಾವಿರ. ಕರ್ನಾಟಕದಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸು ಕೇಳಬಹುದು. ಬಹಳ ಜನ ಕೇಳುವುದೇ ಇಲ್ಲ. ಹೊಸ ಆರ್‌ಸಿ ಕೈಗೆ ಬಂದ ಮೇಲೆ ಅರ್ಜಿ ಹಾಕಿದೆ. 13 ತಿಂಗಳಿಗೆ 81 ಸಾವಿರ ಬಂತು. ಅಂದರೆ ಗಡಿ ದಾಟಿದ್ದಕ್ಕೆ ಕೊನೆಗೆ ತಗುಲಿದ್ದು 5 ಸಾವಿರ ಮಾತ್ರ, ಜೊತೆಗೆ ವರ್ಷವಿಡೀ ಸಿಕ್ಕಿಬಿದ್ದ ಹಣ. ಪೆಟ್ಟು ಬಿದ್ದದ್ದು ಮಾರುವಾಗ. ನಂಬರ್ ಬದಲಾದ ಗಾಡಿ ಎಂದರೆ ಕೊಳ್ಳುವವರ ಹುಬ್ಬು ಏರುತ್ತದೆ. 2020ರ ಮಾರ್ಚ್ ಮೊದಲ ವಾರದಲ್ಲಿ 4.6 ಲಕ್ಷಕ್ಕೆ ಕೊಟ್ಟೆ. ಅದೇ ವರ್ಷದ ಅದೇ ಮಾದರಿ, ಹುಟ್ಟಿದಾಗಿನಿಂದ ಎಂಎಚ್-14 ಇದ್ದದ್ದು, 5 ಲಕ್ಷಕ್ಕೆ ಹೋಗುತ್ತಿತ್ತು.

ಕೂಡಿ ಕಳೆದು ನೋಡಿದೆ. ಕೊಂಡ ಬೆಲೆಯಿಂದ ಮಾರಿದ ಬೆಲೆ ಕಳೆದು, ಗಡಿಯ 5 ಸಾವಿರ ಸೇರಿಸಿದರೆ 5.2 ಲಕ್ಷ. ಬಡ್ಡಿ 1.6, ಮುಂದಿನ ವರ್ಷಗಳ ವಿಮೆ 0.6, ಸರ್ವಿಸ್ 0.6. ಒಟ್ಟು 8 ಲಕ್ಷ, ನಾಲ್ಕು ವರ್ಷಕ್ಕೆ ಹಂಚಿದರೆ ತಿಂಗಳಿಗೆ 16,700, ಪೆಟ್ರೋಲ್ ಬಿಟ್ಟು. ನಾನು ನಂಬಿದ್ದ ಹದಿಮೂರು ಸಾವಿರಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

'ಇನ್ನು ಈ ರಗಳೆ ಬೇಡ' ಎಂದು 2020ರ ಆಗಸ್ಟ್‌ನಲ್ಲಿ ಕಂಪನಿಯ ಲೀಸ್ ಯೋಜನೆ ಸೇರಿದೆ. 48 ತಿಂಗಳಿಗಾದರೆ ತಿಂಗಳಿಗೆ 24,000, ವಿಮೆ ಸರ್ವಿಸ್ ಎಲ್ಲ ಒಳಗೆ. 36 ತಿಂಗಳಿಗಾದರೆ 27,500. ಕಡಿಮೆ ಇದ್ದದ್ದನ್ನು ಆರಿಸಿಕೊಂಡೆ. ಈ ಹಣ ತೆರಿಗೆಗೆ ಮುನ್ನ ಸಂಬಳದಿಂದ ಹೋಗುತ್ತದೆ. ಪ್ರತಿಯಾಗಿ ಕಂಪನಿಯ ಕಾರು ಬಳಸಿದ ಸೌಲಭ್ಯವೆಂದು, 1.6 ಲೀಟರ್‌ಗಿಂತ ಚಿಕ್ಕ ಎಂಜಿನ್ನಿಗೆ ಆಗಿನ ನಿಯಮದಂತೆ ತಿಂಗಳಿಗೆ 1,800 ರೂಪಾಯಿಯನ್ನು ಆದಾಯಕ್ಕೆ ಸೇರಿಸುತ್ತಿದ್ದರು. ನನಗೆ ಸೆಸ್ ಸೇರಿ ತೆರಿಗೆ ಶೇ. 31.2. ಹಾಗಾಗಿ ನಿಜವಾಗಿ ಜೇಬಿನಿಂದ ಹೋದದ್ದು ಸುಮಾರು 17,100. ಸ್ವಂತ ಗಾಡಿಯಷ್ಟೇ ಬಿತ್ತು, ಆದರೆ ಹೊಸ ಕಾರು, ತಲೆನೋವಿಲ್ಲ.

ತಲೆನೋವು ಒಪ್ಪಂದದ ಹದಿನೇಳನೇ ಪುಟದಲ್ಲಿತ್ತು. ಲೀಸ್ ಕಾರಿನ ಆರ್‌ಸಿಯಲ್ಲೂ ಬಳಸುವವರ ಹೆಸರೇ ಇರುತ್ತದೆ, ಲೀಸ್ ಕೊಟ್ಟವರ ಉಲ್ಲೇಖ ಪಕ್ಕದಲ್ಲಿ. ಕಾಯ್ದೆಯ ಪ್ರಕಾರವೂ ಒಪ್ಪಂದದ ಮೇಲೆ ಗಾಡಿ ಸ್ವಾಧೀನದಲ್ಲಿಟ್ಟುಕೊಂಡವನೇ ಮಾಲೀಕ. ಹನ್ನೆರಡು ತಿಂಗಳ ಮಾತು ಅದಕ್ಕೂ ಅನ್ವಯ. ಮರುನೋಂದಣಿಯ ತೆರಿಗೆ ಬಳಸುವವನದೇ ಎಂದು ನನ್ನ ಒಪ್ಪಂದದಲ್ಲಿ ಬರೆದಿತ್ತು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು: ಲೀಸ್ ಇರುವುದು ನೌಕರಿಗೆ ಅಂಟಿಕೊಂಡು. 2022ರ ಅಕ್ಟೋಬರ್‌ನಲ್ಲಿ ಗೋವಾದ ವೆರ್ಣಾದಲ್ಲಿ ಬೇರೆ ಕೆಲಸ ಸಿಕ್ಕಿತು. ರಾಜೀನಾಮೆ ಕೊಟ್ಟಾಗ 26 ತಿಂಗಳು ಮುಗಿದಿತ್ತು. ಹೊಸ ಕಂಪನಿಗೆ ಲೀಸ್ ವರ್ಗಾಯಿಸಲು ಬರಲಿಲ್ಲ, ಅವರಲ್ಲಿ ಆ ಯೋಜನೆಯೇ ಇರಲಿಲ್ಲ. ಅವಧಿಗೆ ಮುನ್ನ ಮುಚ್ಚಲು ಬಾಕಿ ಅಸಲು, ಅದರ ಮೇಲೆ ಶುಲ್ಕ, ಜಿಎಸ್‌ಟಿ, ಎಲ್ಲ ಸೇರಿ 6.7 ಲಕ್ಷದ ಬಿಲ್ಲು ಬಂತು. ಕಟ್ಟಿ ಗಾಡಿ ನನ್ನದಾಗಿಸಿಕೊಂಡು 5.9 ಲಕ್ಷಕ್ಕೆ ಮಾರಿದೆ. 80 ಸಾವಿರ ಹೋಯಿತು. ಇದಕ್ಕೆ ತೆರಿಗೆಯ ಅನುಕೂಲವೂ ಇಲ್ಲ. 26 ತಿಂಗಳಿಗೆ ಹಂಚಿದರೆ ತಿಂಗಳಿಗೆ ಮೂರು ಸಾವಿರ, ಅಂದರೆ ನಿಜವಾದ ಖರ್ಚು 20,200.

ಲೀಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನನ್ನ ಸರಾಸರಿ ವಾಸ ಎರಡೂವರೆ ವರ್ಷ ಎಂದು ಗೊತ್ತಿದ್ದೂ ನಾಲ್ಕು ವರ್ಷಕ್ಕೆ ಸಹಿ ಹಾಕಿದೆ, ಕೆಟ್ಟದ್ದು ಅದು. ಸಹಿ ಹಾಕುವ ಮೊದಲು, 12, 24, 36ನೇ ತಿಂಗಳಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ನಾನು ಕೇಳಿದ್ದರೆ 36 ತಿಂಗಳ ಒಪ್ಪಂದವನ್ನೇ ಆರಿಸುತ್ತಿದ್ದೆ.

ಗೋವಾಕ್ಕೆ ಹೋಗುವಾಗ ವಾಕಡ್‌ನ ಗದುಗಿನ ಗೆಳೆಯ ಒಂದು ಮಾತು ಹೇಳಿದ. "ನೀವು ಊರ್ ಬದಲಾಯಿಸ್ರಿ, ಗಾಡಿ ಬದಲಾಯಿಸ್ರಿ. ಗಾಡಿನ್ನ ಯಾಕ್ರಿ ಊರಿಂದ ಊರಿಗೆ ಎಳಕೊಂಡ್ ಹೊಕ್ಕೀರಿ?" ಅವನು ಸಿಆರ್‌ಪಿಎಫ್‌ನಲ್ಲಿದ್ದವನು, ಏಳು ಊರು ಕಂಡವನು. ಪ್ರತಿ ಊರಲ್ಲೂ ಅಲ್ಲಿನದೇ ನಂಬರಿನ ಹಳೆಯ ಗಾಡಿ ಕೊಂಡು, ಬಿಡುವಾಗ ಅಲ್ಲೇ ಮಾರುವುದು ಅವನ ಪದ್ಧತಿ.

ಹಾಗೇ ಮಾಡಿದೆ. ಐದು ವರ್ಷದ ಹಳೆಯ ಗೋವಾ ನಂಬರಿನ ಗಾಡಿ 4.1 ಲಕ್ಷಕ್ಕೆ ಸಿಕ್ಕಿತು. ಬೆಲೆ ಜೋರಾಗಿ ಇಳಿಯುವ ಮೊದಲ ವರ್ಷಗಳ ನಷ್ಟವನ್ನು ಮೊದಲ ಮಾಲೀಕ ಹೊತ್ತಿದ್ದ, ಜೀವಾವಧಿ ತೆರಿಗೆಯನ್ನೂ ಅವನೇ ಕಟ್ಟಿದ್ದ. ನನಗೆ ಉಳಿದದ್ದು ಫಾರ್ಮ್ 29, 30ರ ಹೆಸರು ವರ್ಗಾವಣೆ ಮಾತ್ರ. ಗೋವಾದಲ್ಲಿ ಎರಡು ವಿಷಯ ನೋಡಲೇಬೇಕು. ಒಂದು ತುಕ್ಕು: ಉಪ್ಪುಗಾಳಿ ಮೇಲ್ಬಣ್ಣಕ್ಕಿಂತ ಅಡಿಯ ಚೌಕಟ್ಟನ್ನು ಮೊದಲು ತಿನ್ನುತ್ತದೆ. ಗಾಡಿಯನ್ನು ಲಿಫ್ಟಿಗೆ ಏರಿಸದೆ ಮಾತು ಮುಗಿಸಬೇಡಿ. ಇನ್ನೊಂದು, ಪ್ರವಾಸಿಗರಿಗೆ ಬಾಡಿಗೆಗೆ ಓಡಿದ ಗಾಡಿ ಬಿಳಿ ಫಲಕ ಹಾಕಿಕೊಂಡು ಬಂದಿರಬಹುದು. ಆರ್‌ಸಿಯ ಹಿಂದಿನ ವರ್ಗ ಏನಿತ್ತೆಂದು ಕೇಳಿ, ಓಡೋಮೀಟರನ್ನು ಸರ್ವಿಸ್ ದಾಖಲೆಗೆ ತಾಳೆ ಹಾಕಿ.

25 ತಿಂಗಳ ನಂತರ, 2024ರ ಡಿಸೆಂಬರ್‌ನಲ್ಲಿ, ಅದನ್ನು 3.35 ಲಕ್ಷಕ್ಕೆ ಮಡಗಾಂವಿನವರೊಬ್ಬರಿಗೆ ಕೊಟ್ಟೆ. ಬೆಲೆ ಇಳಿದದ್ದು 75 ಸಾವಿರ, ವಿಮೆ 22, ರಿಪೇರಿ 38, ವರ್ಗಾವಣೆ ಇತ್ಯಾದಿ 6. ತಿಂಗಳಿಗೆ 5,640. ಆ 4.1 ಲಕ್ಷ ಠೇವಣಿಯಲ್ಲಿದ್ದರೆ ಬರುತ್ತಿದ್ದ ಬಡ್ಡಿ ಸೇರಿಸಿದರೂ 8 ಸಾವಿರ ದಾಟದು. ವಹಿಯಲ್ಲಿ ಇಷ್ಟು ಕಡಿಮೆ ಖರ್ಚಿನ ಪುಟ ಬೇರೆ ಇಲ್ಲ. ಮಳೆಗಾಲದ ರಾತ್ರಿ ಎರಡು ಸಲ ರಸ್ತೆಯಲ್ಲಿ ನಿಂತದ್ದನ್ನು ಮಾತ್ರ ಆ ಪುಟದಲ್ಲಿ ಬರೆದಿಲ್ಲ. ನನ್ನ ಹೆಂಡತಿ ಮರೆತಿಲ್ಲ.

ಈಗಿನ ಪುಣೆ ಕೆಲಸ ಒಂದು ವರ್ಷವೋ ನಾಲ್ಕೋ ಎಂದು ಬಂದಾಗ ತಿಳಿದಿರಲಿಲ್ಲ. ಅದಕ್ಕೇ 12 ತಿಂಗಳ ಚಂದಾ: ತಿಂಗಳಿಗೆ 27,000, ಠೇವಣಿ 30,000. ಎಲ್ಲಕ್ಕಿಂತ ದುಬಾರಿ, ನಿಜ. ಹೊರಬರುವ ದಾರಿಗೆ ಆ ಬೆಲೆ. ಇದರಲ್ಲಿ ಕಚ್ಚುವುದು ಕಿಲೋಮೀಟರ್ ಮಿತಿ. ತಿಂಗಳಿಗೆ ಸಾವಿರ ಎಂದರೆ ಬಹಳ ಅನಿಸುತ್ತದೆ, ಆದರೆ ಧಾರವಾಡಕ್ಕೆ ಒಮ್ಮೆ ಹೋಗಿ ಬಂದರೆ ಎಂಟುನೂರು ದಾಟುತ್ತದೆ. ಮಿತಿಯನ್ನು ತಿಂಗಳ ಲೆಕ್ಕದಲ್ಲಿ ನೋಡುತ್ತಾರೋ ವರ್ಷದ ಒಟ್ಟು ಲೆಕ್ಕದಲ್ಲೋ ಎಂದು ಮೊದಲೇ ಕೇಳಿ. ನನ್ನದು ವರ್ಷದ್ದು, ಆದ್ದರಿಂದ ದಸರಾಕ್ಕೆ ಊರಿಗೆ ಹೋಗಿಬರುವುದು ನಡೆಯಿತು. ಕಪ್ಪು ಫಲಕದ ಗಾಡಿ ಕೊಟ್ಟರೆ ಅದರ ಪರವಾನಗಿ ಕರ್ನಾಟಕಕ್ಕೂ ಇದೆಯೇ ಎಂದು ನೋಡಿಯೇ ನಿಪ್ಪಾಣಿಯತ್ತ ಹೊರಡಿ. ಗಾಡಿ ಕೈಗೆ ಬಂದ ದಿನ ನಾಲ್ಕು ಮಗ್ಗುಲು, ಚಕ್ರದ ರಿಮ್ಮು, ಸೀಟು ಎಲ್ಲದರ ವಿಡಿಯೊ ತೆಗೆದಿಟ್ಟಿದ್ದೇನೆ. ಹಿಂದಿರುಗಿಸುವಾಗಿನ ಜಗಳ ಅಲ್ಲಿಂದಲೇ ಶುರುವಾಗುವುದು.

ಈಗಿನ ಕಂಪನಿಗೆ ನಾಲ್ಕಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಕಚೇರಿಗಳಿವೆ. ಹಾಗಾಗಿ 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರಿಗೆ ನಾನು ಅರ್ಹ. ಕಂಪನಿಯಿಂದ ಫಾರ್ಮ್ 60 ಬರೆಸಿಕೊಟ್ಟರೆ ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟಬಹುದು, ಊರು ಬದಲಾದರೆ ನಂಬರ್ ಬದಲಿಸಬೇಕಿಲ್ಲ. ಇಲ್ಲೇ ಮೂರು ವರ್ಷ ಎಂದು ಖಾತ್ರಿಯಾದರೆ ಗೆಳೆಯನ ದಾರಿಯಲ್ಲಿ ಎಂಎಚ್-14ರ ಹಳೆಯ ಗಾಡಿ, ಮುಂಬೈಯೋ ಹೈದರಾಬಾದೋ ಎಂದು ಸುಳಿವು ಸಿಕ್ಕರೆ ಬಿಎಚ್ ಹಾಕಿ ಹೊಸದು ಎಂದು ಯೋಚಿಸಿದ್ದೇನೆ.

ಯಾವುದಾದರೂ 2027ರ ಡಿಸೆಂಬರ್ ಒಳಗೆ ಆಗಬೇಕು. ಗೋವಾದ ಗಾಡಿ ಮಾರಿದಾಗ ವಿಮೆ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಕಾಯ್ದಿರಿಸಿದ ಪತ್ರ ಪಡೆದಿದ್ದೆ, ಶೇ. 50. ಬೋನಸ್ ಗಾಡಿಯದಲ್ಲ, ಮಾಲೀಕನದು. ಆದರೆ ಪತ್ರಕ್ಕೆ ಮೂರೇ ವರ್ಷ ಆಯುಸ್ಸು. ಮೊದಲ ಕಾರಿನ ಪತ್ರವನ್ನು ಇನ್ನು ನಾಲ್ಕು ತಿಂಗಳಿರುವಾಗ ಗೋವಾದಲ್ಲಿ ಬಳಸಿಕೊಂಡಿದ್ದೆ. ಈ ಸಲದ್ದು ಕಪಾಟಿನಲ್ಲಿ, ಪಾಸ್‌ಪೋರ್ಟ್ ಜೊತೆಗಿದೆ.