131 ಕನ್ನಡಕ ಕೊಟ್ಟೆವು, 71 ಮಂದಿ ಹಾಕಿಕೊಂಡಿದ್ದಾರೆ

ನಾನು ಯಾದಗಿರಿ ಜಿಲ್ಲೆಯ ಶಹಾಪುರ ಕಡೆ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಾವು ಆರು ಮಂದಿ ಸೇರಿ ಒಂದು ಸಣ್ಣ ಟ್ರಸ್ಟ್ ನಡೆಸುತ್ತೇವೆ. ಕೆಲಸ ಒಂದೇ. ಹಳ್ಳಿಗೆ ಹೋಗಿ ಚಾಳೀಸು ಬಂದವರ ಕಣ್ಣು ಪರೀಕ್ಷೆ ಮಾಡಿಸಿ, ಹತ್ತಿರದ್ದು ಕಾಣುವ ಕನ್ನಡಕ ಕೊಡುವುದು. ಪೊರೆ ಬಂದಿದೆ ಅನಿಸಿದವರನ್ನು ಆಸ್ಪತ್ರೆಗೆ ಕಳಿಸುವುದು. ಪ್ರತಿ ತಿಂಗಳು ದಾನಿಗಳಿಗೆ ಒಂದು ಪುಟದ ವರದಿ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ.

ಮೊದಲ ವರ್ಷ ನಾನು ಬರೆದ ವರದಿಗಳನ್ನು ಈಗ ಓದಿದರೆ ನಾಚಿಕೆ ಆಗುತ್ತದೆ. ಶಿಬಿರಕ್ಕೆ ಬಂದವರು ಇಷ್ಟು, ಕನ್ನಡಕ ಪಡೆದವರು ಇಷ್ಟು ಅಂತ ಎರಡನ್ನೂ ಕೂಡಿಸಿ "ಒಟ್ಟು ಫಲಾನುಭವಿಗಳು" ಎಂದು ಬರೆಯುತ್ತಿದ್ದೆ. ಕನ್ನಡಕ ಪಡೆದವರು ಶಿಬಿರಕ್ಕೆ ಬಂದವರಲ್ಲೇ ಇದ್ದಾರಲ್ವಾ? ಒಬ್ಬರನ್ನೇ ಎರಡು ಸಲ ಎಣಿಸುತ್ತಿದ್ದೆ. ಗಣಿತದ ಟೀಚರು ಬೇರೆ! ಈಗ ಶಿಬಿರದ ಬಾಗಿಲಲ್ಲೇ ಒಬ್ಬರಿಗೆ ಒಂದು ನಂಬರಿನ ಚೀಟಿ. ಪರೀಕ್ಷೆ, ಕನ್ನಡಕ, ಆಸ್ಪತ್ರೆ ಎಲ್ಲಕ್ಕೂ ಅದೇ ನಂಬರು.

ಹೋದ ನವೆಂಬರ್ ತಿಂಗಳ ಲೆಕ್ಕವನ್ನೇ ಹೇಳುತ್ತೇನೆ. ಮೂರು ಹಳ್ಳಿ, ಮೂರು ಶಿಬಿರ. ಬಂದವರು 214. ಕನ್ನಡಕ ಪಡೆದವರು 131, ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟದ್ದು 38 ಮಂದಿಗೆ, ಏನೂ ಬೇಕಾಗದವರು 45. ಕೂಡಿಸಿದರೆ ಮತ್ತೆ 214 ಬರಬೇಕು. ಬರದಿದ್ದರೆ ವರದಿ ಬರೆಯಲು ಕೂರುವುದೇ ಇಲ್ಲ.

ಆದರೆ ಕೊಟ್ಟದ್ದು ಬೇರೆ, ಹಾಕಿಕೊಂಡದ್ದು ಬೇರೆ. ಅದಕ್ಕೇ ಒಂದು ತಿಂಗಳು ಬಿಟ್ಟು ಅದೇ ಮನೆಗಳಿಗೆ ಹೋಗುತ್ತೇವೆ. "ಹಾಕ್ಕೋತೀರಾ?" ಎಂದು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ನಮ್ಮ ಮನಸ್ಸು ನೋಯಿಸಬಾರದು ಅಂತ. "ಕನ್ನಡಕ ತೋರಿಸ್ರಿ" ಅನ್ನುತ್ತೇವೆ. ತಕ್ಷಣ ಕೈಗೆ ಸಿಕ್ಕಿದರೆ, ಗಾಜಿನ ಮೇಲೆ ಬೆರಳ ಗುರುತು ಇದ್ದರೆ ದಿನಾ ಬಳಸುತ್ತಾರೆ ಅಂತ ಅರ್ಥ. ಟ್ರಂಕಿನ ತಳದಿಂದ ಕವರಿನ ಸಮೇತ ಬಂದರೆ ಇಲ್ಲ.

ಆ 131 ಜನರಲ್ಲಿ ನಮಗೆ ಸಿಕ್ಕಿದ್ದು 96 ಮಂದಿ. ಅವರಲ್ಲಿ ಬಳಸುತ್ತಿದ್ದವರು 71. ಉಳಿದ 25ರಲ್ಲಿ 11 ಕನ್ನಡಕ ಮುರಿದಿದ್ದವು ಇಲ್ಲವೇ ಕಳೆದಿದ್ದವು, 9 ಮಂದಿಗೆ ನಂಬರು ಹೊಂದಿರಲಿಲ್ಲ, 5 ಮಂದಿ ಮನೆಯಲ್ಲಿ ಬೇರೆಯವರಿಗೆ ಕೊಟ್ಟಿದ್ದರು. ಸಿಗದ 35 ಮಂದಿಯಲ್ಲಿ 22 ಜನ ಗುಳೆ ಹೋಗಿದ್ದರು, 13 ಜನ ಹತ್ತಿ ಬಿಡಿಸಲು ಬೆಳಗಾಗುವ ಮುಂಚೆಯೇ ಹೊಲಕ್ಕೆ ಹೋಗಿದ್ದರು.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಸಿಕ್ಕ 96ರಲ್ಲಿ 71 ಎಂದರೆ ನೂರಕ್ಕೆ 74, ಕೇಳಲು ಚಂದ. ಕೊಟ್ಟ 131ರಲ್ಲಿ 71 ಎಂದರೆ ನೂರಕ್ಕೆ 54. ನಾನು ಎರಡನೆಯದನ್ನು ಮೊದಲು ಬರೆದೆ. ಸಿಗದವರು ಹಾಕಿಕೊಂಡಿರಬಹುದು, ಆದರೆ ನಾವು ನೋಡಿಲ್ಲ. 35 ಮಂದಿ ಯಾಕೆ ಸಿಗಲಿಲ್ಲ ಎನ್ನುವುದನ್ನು ಮಾತ್ರ ಪಕ್ಕದಲ್ಲಿ ಬರೆದೆ. ಹತ್ತಿ, ತೊಗರಿ ಕೊಯ್ಲಿನ ಕಾಲಕ್ಕೆ ಹಗಲು ಊರಿಗೆ ಹೋಗುವುದು ದಂಡ ಅಂತ ಆ ಸಾಲಿನಿಂದಲೇ ನಮಗೆ ಹೊಳೆದದ್ದು. ಈಗ ರಾತ್ರಿ ಊಟದ ಹೊತ್ತಿಗೆ ಹೋಗುತ್ತೇವೆ.

ಇನ್ನು ಕಥೆ. ಅಂಕಿ ಬರೆದುಬಿಡಬಹುದು, ನನಗೆ ಕಷ್ಟ ಆಗುವುದು ಇದೇ. ಆ ತಿಂಗಳು ಬರೆದದ್ದು ಕೌದಿ ಹೊಲಿಯುವ ಒಬ್ಬ ಅಜ್ಜಿಯ ಬಗ್ಗೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಶಾಲೆಯಿಂದ ಬರುವ ತನಕ ಕಾಯುತ್ತಿದ್ದರು. +2.5 ನಂಬರಿನ ಕನ್ನಡಕ ಬಂದ ಮೇಲೆ ತಾವೇ ಪೋಣಿಸುತ್ತಾರೆ.

ಒಪ್ಪಿಗೆಯನ್ನು ಶಿಬಿರದಲ್ಲಿ ಕೇಳಲಿಲ್ಲ. ಕನ್ನಡಕ ಕೊಡುವ ಕೈಯೇ ಫೋಟೋ ಕೇಳಿದರೆ ಯಾರು ತಾನೇ ಬೇಡ ಅಂದಾರು? ತಿಂಗಳ ಮೇಲೆ ಮನೆಗೆ ಹೋದಾಗ ಕೇಳಿದೆ. ಬರೆದದ್ದನ್ನು ಜೋರಾಗಿ ಓದಿ ಹೇಳಿದೆ. ನನ್ನ ಮೊದಲ ಸಾಲು ಹೀಗಿತ್ತು: "ಕತ್ತಲಲ್ಲಿದ್ದ ಬಡ ವಿಧವೆಯ ಬಾಳಿಗೆ ಬೆಳಕು." ಅಜ್ಜಿ ನನ್ನನ್ನು ಅಲ್ಲೇ ನಿಲ್ಲಿಸಿದರು.

"ಕತ್ತಲದಾಗ ನಾ ಎಲ್ಲಿದ್ದೆರಿ ಅಕ್ಕೋರೆ? ಹೊಲಕ್ಕ ಹೋಗ್ತಿದ್ದೆ, ರೊಟ್ಟಿ ಬಡೀತಿದ್ದೆ. ಸೂಜಿ ಒಂದೇ ಕಾಣ್ತಿರಲಿಲ್ಲ."

ಆ ಸಾಲು ಹೊಡೆದು ಹಾಕಿ, ಅವರು ಹೇಳಿದ್ದನ್ನೇ ಬರೆದೆ.

ಆಮೇಲೆ ಒಂದೊಂದೇ ಕೇಳಿದೆ. ಹೆಸರು ಹಾಕಲೇ? ಊರು ಹಾಕಲೇ? ಫೋಟೋ? ಮೂರಕ್ಕೂ ಸೇರಿ ಒಂದು ಹೆಬ್ಬೆಟ್ಟು ಹಾಕಿಸಿಕೊಂಡರೆ ಅದು ಒಪ್ಪಿಗೆ ಅಲ್ಲ. ಹೆಸರು ಬೇಡ ಅಂದರು. ಮುಖ ಬೇಡ, ಸೂಜಿ ಹಿಡಿದ ಕೈ ಬೇಕಾದರೆ ತಗೊಳ್ರಿ ಅಂದರು. ಊರಿಗೆ ಮೊದಲು ಹೂಂ ಅಂದವರು, ಮುಂಬೈಯಲ್ಲಿ ದುಡಿಯುವ ಮಗ ಬೇಡ ಅಂದಿದ್ದಕ್ಕೆ ಎರಡು ದಿನ ಬಿಟ್ಟು ಫೋನ್ ಮಾಡಿ ಬಿಡಿಸಿದರು. ಅದು ಸರಿಯೇ. ಅಷ್ಟು ಸಣ್ಣ ಊರಲ್ಲಿ ದುಡ್ಡಿಗೆ ಕೌದಿ ಹೊಲಿದುಕೊಡುವವರು ಅವರೊಬ್ಬರೇ. ಊರಿನ ಹೆಸರು ಹಾಕಿದ್ದರೆ ಅವರ ಹೆಸರನ್ನೇ ಹಾಕಿದ ಹಾಗೆ.

ಇನ್ನೊಂದು ಮಾತೂ ಮೊದಲೇ ಹೇಳಿದೆ. ಬೇಡ ಅನಿಸಿದರೆ ಯಾವಾಗ ಬೇಕಾದರೂ ನಮ್ಮ ಕಡೆಯಿಂದ ತೆಗೆಯುತ್ತೇವೆ, ಆದರೆ ವಾಟ್ಸಾಪಿನಲ್ಲಿ ಯಾರದೋ ಮೊಬೈಲಿಗೆ ಹೋಗಿಬಿಟ್ಟದ್ದು ನಮ್ಮ ಕೈಯಲ್ಲಿಲ್ಲ ಅಂತ. ಈ ಬರಹಕ್ಕೂ ಅಜ್ಜಿಯನ್ನು ಮತ್ತೆ ಕೇಳಿದ್ದೇನೆ.

ಕೊನೆಗೆ ದುಡ್ಡು ಕೇಳುವುದು. ಮುಂಚೆ "120 ರೂಪಾಯಿ ಕೊಡಿ, ಒಬ್ಬರಿಗೆ ಕಣ್ಣು ಕೊಡಿ" ಎಂದು ಬರೆಯುತ್ತಿದ್ದೆವು. 120 ಎಂದರೆ ಬರೀ ಕನ್ನಡಕದ ಬೆಲೆ. ನವೆಂಬರಿನ ಪೂರ್ತಿ ಖರ್ಚು ನೋಡಿ: ಕನ್ನಡಕಕ್ಕೆ 15,720, ಗಾಡಿಗೆ 6,600, ಪರೀಕ್ಷೆ ಮಾಡುವವರಿಗೆ 4,500, ಮರುಭೇಟಿಗೆ 2,700, ಚೀಟಿ ಪ್ರಿಂಟು, ಚಹಾ ಎಲ್ಲ ಸೇರಿ 1,380. ಒಟ್ಟು 30,900. ಇದನ್ನು ಬಳಸುತ್ತಿರುವ 71 ಜನರಿಗೆ ಹಂಚಿದರೆ ಒಬ್ಬರಿಗೆ ಸುಮಾರು 435 ರೂಪಾಯಿ. ಪೊರೆ ಬಂದವರನ್ನು ಗುರುತಿಸಿದ ಖರ್ಚೂ ಇದರಲ್ಲೇ ಇದೆ. ಅಂದಹಾಗೆ ಆ 38 ಜನರಲ್ಲಿ ಆಸ್ಪತ್ರೆಗೆ ಹೋದವರು 14, ಆಪರೇಷನ್ ಆದವರು 9 ಮಾತ್ರ. ಅದನ್ನೂ ಹಾಗೆಯೇ ಬರೆದೆವು.

ಟ್ರಸ್ಟಿನಲ್ಲಿ ಜಗಳವೇ ಆಯಿತು. "435 ಅಂದ್ರ ಯಾರೂ ಕೊಡಂಗಿಲ್ಲ ಅಕ್ಕೋರೆ" ಅಂತ ನಮ್ಮ ಖಜಾಂಚಿ. ಆದರೂ ವರದಿಯ ಕೊನೆಗೆ ಇಷ್ಟು ಹಾಕಿದೆವು:

"ಜನವರಿಯಲ್ಲಿ ಎರಡು ಶಿಬಿರ ಮಾಡಬೇಕು. ಒಂದಕ್ಕೆ 10,300ರಂತೆ 20,600 ರೂಪಾಯಿ ಬೇಕು. ನಮ್ಮ ಹತ್ತಿರ 8,100 ಇದೆ. ಇನ್ನೂ 12,500 ಬೇಕು. ಜನವರಿ 5ರೊಳಗೆ ಬರದಿದ್ದರೆ ಎರಡನೇ ಶಿಬಿರ ಮುಂದಕ್ಕೆ ಹೋಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ಕೊಡುವವರು ಬ್ಯಾಂಕ್ ಮೂಲಕವೇ ಕೊಡಿ, ನಗದು ಕೊಟ್ಟರೆ 80ಜಿ ತೆರಿಗೆ ರಿಯಾಯಿತಿ ಸಿಗುವುದಿಲ್ಲ."

ಪ್ರತಿ ಸಲ 1,200 ಕಳಿಸುತ್ತಿದ್ದ ಒಬ್ಬರು ಫೋನ್ ಮಾಡಿದರು. "ಹೋದ ತಿಂಗಳು 120 ಇತ್ತಲ್ರಿ, ಕನ್ನಡಕ ಅಷ್ಟು ತುಟ್ಟಿ ಆಯ್ತಾ?" ಅಂದರು. ಗಾಡಿಯಿಂದ ಮರುಭೇಟಿವರೆಗೆ ಒಂದೊಂದೇ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾ ಹತ್ತು ಮಂದಿಗೆ ಕೊಟ್ಟೀನಿ ಅಂತ ತಿಳ್ಕೊಂಡಿದ್ದು ಮೂರು ಮಂದಿಗೂ ಆಗಿಲ್ಲ ಅನ್ರಿ" ಎಂದು 1,305 ಕಳಿಸಿದರು. ಮೂರಕ್ಕೆ ಸರಿಯಾಗಿ.

ಎಲ್ಲ ಸೇರಿ ಬಂದದ್ದು 10,900. ಕಡಿಮೆ ಬಿದ್ದದ್ದು 1,600. ಎರಡನೇ ಶಿಬಿರಕ್ಕೆ ಗಾಡಿ ಬಿಟ್ಟು ಬಸ್ಸಿನಲ್ಲಿ ಹೋದೆವು. ಕನ್ನಡಕದ ಪೆಟ್ಟಿಗೆಗೆ ಕಂಡಕ್ಟರು ಲಗೇಜ್ ಟಿಕೆಟ್ ಹರಿದರು. ಆ ಟಿಕೆಟನ್ನು ಜನವರಿಯ ಲೆಕ್ಕದ ಫೈಲಿಗೆ ಅಂಟಿಸಿದ್ದೇನೆ.